ಜಾತ್ರೆ ನಾಟಕದ ಮಾತು ಹಿಂದಿನ ಸಾಲಿಗೂ ತಿಳಿಯಲಿ

ಇವರಿಗೆ,
ಅಧ್ಯಕ್ಷರು ಮತ್ತು ಸದಸ್ಯರು,
ಜಾತ್ರಾ ಸಮಿತಿ

ವಿಷಯ: ಬಯಲು ನಾಟಕದ ಧ್ವನಿವರ್ಧಕ ವ್ಯವಸ್ಥೆ ಸರಿಪಡಿಸುವ ಬಗ್ಗೆ

ಮಾನ್ಯರೇ,

ಈ ಸಲ ‘ಕುರುಕ್ಷೇತ್ರ’ ನಾಟಕಕ್ಕೆ ಮೈದಾನ ತುಂಬಿತ್ತು. ಆದರೆ ಹಿಂದೆ ಕೂತವರಿಗೆ ಹಾರ್ಮೋನಿಯಂ ಕೇಳಿಸಿತೇ ಹೊರತು ಮಾತು ತಿಳಿಯಲಿಲ್ಲ. ಮುಂದಿನ ಸಾಲಿನ ಮಕ್ಕಳು ಕಿವಿ ಮುಚ್ಚಿಕೊಂಡಿದ್ದರು. ಇದನ್ನು ಹೇಳಿದಾಗ ಸಮಿತಿಯವರು ಕೊಟ್ಟ ಭರವಸೆ, ‘ಮುಂದಿನ ವರ್ಷ ಇನ್ನೂ ದೊಡ್ಡ ಸೆಟ್ ತರಿಸೋಣ’ ಎಂಬುದು. ಮೈಕ್ ಸೆಟ್ ಕೆಲಸದಲ್ಲೇ ಬದುಕಿದವನಾಗಿ ಹೇಳುತ್ತೇನೆ: ದೊಡ್ಡ ಸೆಟ್ ಬಂದರೆ ತೊಂದರೆಯೂ ದೊಡ್ಡದಾಗುತ್ತದೆ. ಸರಿಪಡಿಸಬೇಕಾದದ್ದು ಬಾಕ್ಸ್ ಇಡುವ ಜಾಗವನ್ನು.

ಕಲ್ಯಾಣ ಮಂಟಪದಲ್ಲಿ ಗೋಡೆ, ಚಾವಣಿಗಳು ಸದ್ದನ್ನು ಒಳಕ್ಕೇ ತಿರುಗಿಸುತ್ತವೆ. ಬಯಲಲ್ಲಿ ಹೋದ ಸದ್ದು ಹೋಯಿತು. ದೂರ ಇಮ್ಮಡಿಯಾದಂತೆಲ್ಲ ಅದು ಸುಮಾರು 6 ಡೆಸಿಬಲ್ ಇಳಿಯುತ್ತದೆ. ನಮ್ಮ ಮೈದಾನದಲ್ಲಿ ವೇದಿಕೆಯಿಂದ ಕೊನೆಯ ಸಾಲಿಗೆ ಸುಮಾರು 80 ಮೀಟರ್ ಎಂದಿಟ್ಟುಕೊಳ್ಳಿ. ಬಾಕ್ಸ್‌ನಿಂದ 5 ಮೀಟರ್ ದೂರದಲ್ಲಿ 100 ಡೆಸಿಬಲ್ ಇದ್ದರೆ, 10 ಮೀಟರ್‌ಗೆ 94, 20ಕ್ಕೆ 88, 40ಕ್ಕೆ 82, 80ಕ್ಕೆ 76. ಕಡಲೆಪುರಿ ಅಂಗಡಿ, ಅಳುವ ಮಗು, ಜನರ ಹರಟೆ ಸೇರಿ ಹಿಂದೆ 70 ಡೆಸಿಬಲ್ ಗದ್ದಲವಿದ್ದರೆ ಸಂಭಾಷಣೆ ಅದರಲ್ಲಿ ಮುಳುಗುತ್ತದೆ. ಮಾತು ಸರಾಗವಾಗಿ ತಿಳಿಯಲು ಗದ್ದಲಕ್ಕಿಂತ 10 ಡೆಸಿಬಲ್ಲಾದರೂ ಮೇಲಿರಬೇಕು.

ವಾಲ್ಯೂಮ್ ಏರಿಸಿದರೆ? 6 ಡೆಸಿಬಲ್ ಏರಿಸಲು ನಾಲ್ಕು ಪಟ್ಟು ವಾಟ್ ಬೇಕು. ಹಿಂದಿನವರಿಗೆ 82 ಸಿಗುವಾಗ ಮುಂದಿನವರ ಕಿವಿಗೆ 106 ಬೀಳುತ್ತದೆ. ಅಷ್ಟರಲ್ಲಿ ವೇದಿಕೆಯ ಮೈಕ್ ತನ್ನದೇ ಸದ್ದನ್ನು ಮತ್ತೆ ಹಿಡಿದು ಕೀರಿಡಲು ಶುರುಮಾಡುತ್ತದೆ. ಭೀಮ ಗದೆ ಎತ್ತಿದಾಗಲೆಲ್ಲ ನಾವು ಕೇಳಿದ್ದು ಅದನ್ನೇ.

ಬಾಕ್ಸ್‌ಗಳನ್ನು ನೆಲದ ಮೇಲೆಯೇ ಇಟ್ಟಿದ್ದು ಇನ್ನೊಂದು ತಪ್ಪು. ಅಕ್ಷರಗಳನ್ನು ಬಿಡಿಸಿ ಕೇಳಿಸುವ ತೆಳು ಸ್ವರಗಳನ್ನು ಮುಂದೆ ಕೂತವರ ತಲೆ, ಮೈ, ಬಟ್ಟೆಗಳೇ ತಡೆದವು. ಹಿಂದಕ್ಕೆ ತಲುಪಿದ್ದು ಬರೀ ಗುಂಯ್‌ಗುಡುವಿಕೆ. ಬಾಕ್ಸ್‌ಗಳನ್ನು ಗಟ್ಟಿಯಾದ ಸ್ಟ್ಯಾಂಡಿನ ಮೇಲೆ, ನಟರ ಮೈಕ್‌ಗಳಿಗಿಂತ ಮುಂದಕ್ಕೆ, ನಾಲ್ಕೈದು ಮೀಟರ್ ಎತ್ತರದಲ್ಲಿ ನಿಲ್ಲಿಸಿ, ಮುಖವನ್ನು ಜನರ ಕಡೆಗೆ ತುಸು ಬಾಗಿಸಬೇಕು. ಆಗ ಮುಂದಿನ ಸಾಲು ಬಾಕ್ಸ್‌ನ ನೇರಕ್ಕೆ ಸಿಗುವುದಿಲ್ಲ, ಹಿಂದಿನ ಸಾಲಿಗೆ ದಾರಿ ತೆರವಾಗುತ್ತದೆ.

ಮುಖ್ಯವಾಗಿ, ಮೈದಾನದ ನಡುವೆ, 40 ಮೀಟರ್ ದೂರದಲ್ಲಿ, ಎಡಕ್ಕೊಂದು ಬಲಕ್ಕೊಂದು ಸಣ್ಣ ಬಾಕ್ಸ್ ಎತ್ತರದಲ್ಲಿ ನಿಲ್ಲಿಸಿ, ಹಿಂದಿನ ಅರ್ಧಕ್ಕೆ ಮುಖ ಮಾಡಬೇಕು. ಹೋದ ವರ್ಷ ಹೀಗೆಯೇ ಎರಡು ಹಾರ್ನ್ ಕಟ್ಟಿದ್ದಿರಿ, ಆಗ ಪ್ರತಿ ಮಾತೂ ಎರಡೆರಡು ಸಲ ಕೇಳಿಸಿತು. ಕಾರಣ ಇಷ್ಟೇ: ವೈರಿನಲ್ಲಿ ಮಾತು ಹಾರ್ನ್‌ಗೆ ತಕ್ಷಣ ತಲುಪುತ್ತದೆ. ಗಾಳಿಯಲ್ಲಿ ಸದ್ದು ಸೆಕೆಂಡಿಗೆ ಸುಮಾರು 345 ಮೀಟರ್ ಮಾತ್ರ ಹೋಗುವುದರಿಂದ, ವೇದಿಕೆಯ ಬಾಕ್ಸ್‌ನ ಮಾತು ಅಲ್ಲಿಗೆ ಬರುವುದು 116 ಮಿಲಿಸೆಕೆಂಡ್ ತಡವಾಗಿ. ಆದ್ದರಿಂದ ನಡುವಿನ ಬಾಕ್ಸ್‌ಗೆ ಹೋಗುವ ಮಾತನ್ನು ಬೇಕೆಂದೇ ಅಷ್ಟು ತಡೆದು ಬಿಡಬೇಕು. ಇದಕ್ಕೆ ಡಿಲೇ ಎನ್ನುತ್ತಾರೆ. ಈಗಿನ ಬಹಳಷ್ಟು ಡಿಜಿಟಲ್ ಮಿಕ್ಸರ್‌ಗಳಲ್ಲಿ ಅದು ಇದ್ದೇ ಇರುತ್ತದೆ. ಟೇಪ್ ಹಿಡಿದು ಅಳೆದ ಮೀಟರನ್ನು ಮೂರರಿಂದ ಗುಣಿಸಿ, ಮೇಲೆ ಹತ್ತು ಸೇರಿಸಿದರೆ ಸಾಕು: ನಮ್ಮಲ್ಲಿ 130 ಮಿಲಿಸೆಕೆಂಡ್. ಆ ಹತ್ತು ಏಕೆಂದರೆ, ಮೊದಲು ಬಂದ ಸದ್ದಿನ ಕಡೆಗೇ ಕಿವಿ ತಿರುಗುತ್ತದೆ. ಹತ್ತಿರದ ಬಾಕ್ಸ್ ಕೊಂಚ ಹಿಂದುಳಿದರೆ ಮಾತು ವೇದಿಕೆಯಿಂದಲೇ ಬಂದಂತೆ ಅನ್ನಿಸುತ್ತದೆ.

ಇದರಿಂದ ಮೈದಾನದಾಚೆಯ ಮನೆಗಳಿಗೂ ಉಪಕಾರವಿದೆ. ವೇದಿಕೆಯಿಂದಲೇ ಒದರಿಸಿದರೆ, ಕೊನೆಯ ಸಾಲು ದಾಟಿದ ಸದ್ದು ಇನ್ನೊಂದು 6 ಡೆಸಿಬಲ್ ಇಳಿಯಲು ಮತ್ತೆ 80 ಮೀಟರ್ ಬೇಕು. ನಡುವಿನ ಸಣ್ಣ ಬಾಕ್ಸ್‌ನ ಸದ್ದು 40 ಮೀಟರ್‌ನಲ್ಲೇ ಅಷ್ಟು ಇಳಿಯುತ್ತದೆ. ರಾತ್ರಿ ಹತ್ತರ ಮೇಲಿನ ಧ್ವನಿವರ್ಧಕವನ್ನು 2000ದ ಶಬ್ದಮಾಲಿನ್ಯ ನಿಯಮಗಳು ನಿರ್ಬಂಧಿಸಿರುವುದರಿಂದ, ಮುಂಚೆಯೇ ಲಿಖಿತ ಅನುಮತಿಯ ಬಗ್ಗೆ ವಿಚಾರಿಸುವುದೂ ನಿಮ್ಮದೇ ಹೊಣೆ.

ಗಾಳಿಯ ಮೇಲೆ ಮಾತ್ರ ಯಾರ ಹಿಡಿತವೂ ಇಲ್ಲ. ಜನರ ಕಡೆಯಿಂದ ವೇದಿಕೆಯತ್ತ ಬೀಸಿದರೆ ದೂರದ ಸದ್ದು ಮೇಲಕ್ಕೆ ಬಾಗಿ ತಲೆ ಮೇಲೇ ಹಾದುಹೋಗುತ್ತದೆ. ಹತ್ತಿರದಲ್ಲೇ ಬಾಕ್ಸ್ ಇದ್ದವರಿಗೆ ಆ ಹೊಡೆತ ಕಡಿಮೆ.

ಆದ್ದರಿಂದ ನನ್ನ ಕೋರಿಕೆ: ಮುಂದಿನ ಸಲ ಮೈಕ್ ಸೆಟ್‌ನವರಿಂದ ದರ ಕೇಳುವಾಗ ‘ಎಷ್ಟು ವಾಟ್’ ಎಂದು ಕೇಳಬೇಡಿ, ಮೈದಾನದ ಉದ್ದಗಲ ಕೊಟ್ಟು ಎಲ್ಲೆಲ್ಲಿ ಬಾಕ್ಸ್ ನಿಲ್ಲಿಸುತ್ತೀರಿ ಎಂದು ನಕ್ಷೆ ಕೇಳಿ. ನಾಟಕದ ದಿನ ಸಂಜೆ ಒಬ್ಬರು ಮೈಕ್ ಮುಂದೆ ಚಪ್ಪಾಳೆ ತಟ್ಟಲಿ, ಸಮಿತಿಯವರೊಬ್ಬರು ನಡುವಿನ ಬಾಕ್ಸ್ ಹತ್ತಿರ ನಿಂತು ಕೇಳಲಿ. ಎರಡು ಚಪ್ಪಾಳೆ ಕೇಳಿಸಿದರೆ ಡಿಲೇ ತಪ್ಪಿದೆ, ಅಲ್ಲೇ ತಿದ್ದಿಸಿ. ಬಳಿಕ ಯಾರಾದರೂ ಪತ್ರಿಕೆ ಓದುತ್ತಿರುವಾಗ ಕೊನೆಯ ಸಾಲಿನ ಎರಡೂ ತುದಿಗೆ ನಡೆದು ನೋಡಿ. ಜನ ಸೇರಿದ ಮೇಲೆ ಗದ್ದಲ ಹೆಚ್ಚುವುದರಿಂದ ಮೊದಲ ದೃಶ್ಯದಲ್ಲಿ ಇನ್ನೊಮ್ಮೆ ಅಲ್ಲಿಗೆ ಹೋಗಿ. ಅಲ್ಲಿ ಮಾತು ತಿಳಿದರೆ ಮಾತ್ರ ಬಾಕಿ ಹಣ ಕೊಡುವುದೆಂದು ಕರಾರಿನಲ್ಲೇ ಬರೆಸಿ.

ಇಂತಿ,
ಊರಿನ ಒಬ್ಬ ನಾಟಕ ಪ್ರೇಕ್ಷಕ