ಬೋರಾಯ್ತಾ ಗುರುವೇ?

ಬಸ್ಸು ಎರಡು ಗಂಟೆ ಲೇಟು. ಗೆಳೆಯ ಆಕಳಿಸಿ, "ಬೋರು ಕಣೋ, ಏನಾದ್ರೂ ಮಾತಾಡು" ಅಂದ. ಇಂಥ ಹೊತ್ತಲ್ಲಿ "ಏನ್ ಮಾತಾಡ್ಲಿ?" ಅಂದಿರೋ, ಕೆಟ್ಟಿರಿ! ಬೋರಾದವನಿಗೆ ಯೋಚಿಸೋದೇ ಬೇಜಾರು.

"ಟೀ ಕುಡಿಯೋಣ್ವಾ, ಸಿನಿಮಾ ಸರಪಳಿ ಆಡೋಣ್ವಾ?" ಅಂದೆ.

"ಸರಪಳೀನಾ?"

"ರಾಜ್‌ರಿಂದ ಅಂಬರೀಶ್‌ಗೆ ಹೋಗ್ಬೇಕು. 'ಗಂಧದ ಗುಡಿ'ಯಲ್ಲಿ (1973) ರಾಜ್ ಜೊತೆ ವಿಷ್ಣು. 'ನಾಗರಹಾವು'ವಿನಲ್ಲಿ (1972) ವಿಷ್ಣು ಜೊತೆ ಅಂಬರೀಶ್. ಎರಡೇ ಚಿತ್ರ!"

ಸುಲಭದ ದಾರೀನ ಬೇಕಂತಲೇ ಬಿಟ್ಟಿದ್ದೆ. ಮಹಾರಾಯ ಎದ್ದೇ ನಿಂತ: "ಲೇ, 'ಒಡಹುಟ್ಟಿದವರು' (1994) ಒಂದೇ ಸಾಕಲ್ಲೋ!"

ಗೆಲ್ಲಲಿ ಬಿಡಿ, ಬೋರು ಹೋಗೋದೇ ಹಾಗೆ. ಆಟಾನೂ ಬೇಡ ಅಂತ ಮುಖ ತಿರುಗಿಸಿದರೆ ಮಾತ್ರ ಅದು ಬೋರಲ್ಲ, ಮನಸ್ಸಲ್ಲೇನೋ ಇದೆ. ಆಗ ಟೀ ಕೊಡಿಸಿ ಸುಮ್ಮನೆ ಪಕ್ಕದಲ್ಲಿ ಕೂತ್ಕೊಳ್ಳಿ.

ನಮ್ಮವನು ಮುಂದಿನ ಜೋಡಿ ತಾನೇ ಕೊಟ್ಟ. ಬಸ್ಸು ಬಂದದ್ದು ಗೊತ್ತಾಗಿದ್ದು ಕಂಡಕ್ಟರ್ ಕೂಗಿದಾಗ!