ಸ್ಕ್ಯಾನ್‌ನ ಫೋಟೋ ತೆಗೆದು ಕಳಿಸಿದರೆ ಸಾಕೇ? ಅದರಲ್ಲಿ ಕಳೆದುಹೋಗುವುದು ಏನು?

"ಸಿಡಿ ಯಾಕೆ, ಫಿಲ್ಮನ್ನು ಕಿಟಕಿಗೆ ಹಿಡಿದು ಫೋಟೋ ತೆಗೆದು ವಾಟ್ಸಾಪ್ ಮಾಡಿ. ಡಾಕ್ಟರು ಜೂಮ್ ಮಾಡಿ ನೋಡಿಕೊಳ್ಳುತ್ತಾರೆ. ಕಪ್ಪಾಗಿ ಕಂಡರೆ ಬ್ರೈಟ್‌ನೆಸ್ ಜಾಸ್ತಿ ಮಾಡಿದರಾಯ್ತು." ಮನೆಯಲ್ಲಿ ಯಾರಿಗಾದರೂ ಸ್ಕ್ಯಾನ್ ಆದಾಗ ಹೀಗೆ ಹೇಳುವವರು ಒಬ್ಬರಾದರೂ ಇರುತ್ತಾರೆ. ಹಾಸನ ತಾಲ್ಲೂಕಿನ ಕಟ್ಟಾಯದಂಥ ಊರಲ್ಲಿದ್ದು, ಹಾಸನದಲ್ಲಿ ಸ್ಕ್ಯಾನ್ ಮಾಡಿಸಿ, ಬೆಂಗಳೂರಿನ ತಜ್ಞರನ್ನು ಕೇಳಬೇಕಾದವರಿಗೆ ಇದು ಸುಲಭದ ದಾರಿಯಾಗಿ ಕಾಣುವುದು ಸಹಜ. ಈ ಮಾತು ಎಷ್ಟು ನಿಜ, ಎಲ್ಲಿ ತಪ್ಪುತ್ತದೆ ಎಂಬುದನ್ನು ತಲೆಯ ಸಿಟಿ ಸ್ಕ್ಯಾನ್ ಒಂದನ್ನೇ ಹಿಡಿದು ನೋಡೋಣ.

ಸಿಟಿ ಸ್ಕ್ಯಾನ್ ಫೋಟೋ ಅಲ್ಲ, ಅಂಕಿಗಳ ಪಟ್ಟಿ

ಮೊದಲು ತಿಳಿಯಬೇಕಾದದ್ದು ಇದು: ಸಿಟಿ ಯಂತ್ರ ಚಿತ್ರ ತೆಗೆಯುವುದಿಲ್ಲ, ಅಳೆಯುತ್ತದೆ. ತಲೆಯ ಒಂದೊಂದು ಪದರವನ್ನೂ ಸಾಮಾನ್ಯವಾಗಿ 512 ಸಾಲು, 512 ಕಾಲಂಗಳ ಚಿಕ್ಕ ಚೌಕಗಳಾಗಿ ಹಂಚಿ, ಪ್ರತಿ ಚೌಕದಲ್ಲಿರುವ ವಸ್ತು ಎಕ್ಸ್‌ರೇ ಕಿರಣವನ್ನು ಎಷ್ಟು ತಡೆಯಿತು ಎಂಬುದಕ್ಕೆ ಒಂದು ಅಂಕಿ ಬರೆದಿಡುತ್ತದೆ. ಈ ಅಳತೆಗೆ ಹೌನ್ಸ್‌ಫೀಲ್ಡ್ ಮಾನ ಎಂದು ಹೆಸರು. ಸಿಟಿ ಯಂತ್ರ ರೂಪಿಸಿ 1979ರಲ್ಲಿ ನೊಬೆಲ್ ಪಡೆದ ಇಬ್ಬರಲ್ಲಿ ಒಬ್ಬರಾದ ಬ್ರಿಟಿಷ್ ಎಂಜಿನಿಯರ್ ಗಾಡ್‌ಫ್ರೆ ಹೌನ್ಸ್‌ಫೀಲ್ಡ್ ಅವರ ಹೆಸರು ಅದು.

ಈ ಮಾನದಲ್ಲಿ ನೀರಿಗೆ 0, ಗಾಳಿಗೆ -1000. ಮಿದುಳಿನ ಭಾಗಗಳು ಹೆಚ್ಚುಕಡಿಮೆ 25ರಿಂದ 40ರ ಒಳಗೆ. ಆಗತಾನೇ ಸೋರಿ ಹೆಪ್ಪುಗಟ್ಟಿದ ರಕ್ತ 60ರಿಂದ 80ರ ಸುಮಾರಿಗೆ. ಗಟ್ಟಿ ಮೂಳೆ 1000ದ ಆಸುಪಾಸು. ಅಂದರೆ ಮಿದುಳಿಗೂ ರಕ್ತಕ್ಕೂ ಇರುವ ವ್ಯತ್ಯಾಸ ಬರೀ ಮೂವತ್ತು ನಲವತ್ತು. ಗಾಳಿಗೂ ಮೂಳೆಗೂ ಎರಡು ಸಾವಿರ.

ಈ ಅಂಕಿಗಳನ್ನು ಹಾಗೆಯೇ ಕಾಪಾಡುವ ಕಡತದ ಬಗೆಗೆ ಡೈಕಾಮ್ ಎನ್ನುತ್ತಾರೆ. ಯಾವ ಕಂಪನಿಯ ಯಂತ್ರವಾದರೂ ಒಂದೇ ಭಾಷೆಯಲ್ಲಿ ಬರೆಯಲಿ ಎಂದು 1980ರ ದಶಕದಲ್ಲಿ ಶುರುವಾದ ಪ್ರಯತ್ನ, 1993ರಲ್ಲಿ ಈ ಹೆಸರು ಪಡೆಯಿತು. ಸಿಟಿಯ ಡೈಕಾಮ್ ಕಡತದಲ್ಲಿ ಒಂದು ಚೌಕಕ್ಕೆ ಸಾಮಾನ್ಯವಾಗಿ 4096 ಬೇರೆ ಬೇರೆ ಬೆಲೆಗಳಿಗೆ ಜಾಗವಿರುತ್ತದೆ. ನಮ್ಮ ಮೊಬೈಲಿನ ಸಾಧಾರಣ `.jpg` ಚಿತ್ರದಲ್ಲಿ ಕಪ್ಪಿನಿಂದ ಬಿಳಿಯವರೆಗೆ ಇರುವುದು 256 ಮೆಟ್ಟಿಲು ಮಾತ್ರ.

ಕಳೆದುಹೋಗುವುದು ಎಲ್ಲಿ?

4096 ಹೋಗಿ 256 ಆಯಿತು, ಆದ್ದರಿಂದ ಚಿತ್ರ ಸ್ವಲ್ಪ ಒರಟಾಯಿತು ಎಂದು ಹಲವರು ತಿಳಿಯುತ್ತಾರೆ. ನಿಜವಾದ ನಷ್ಟ ಅದಲ್ಲ. ಎರಡು ಸಾವಿರ ಅಂಕಿಗಳಷ್ಟು ಅಂತರವನ್ನು ಒಂದೇ ಚಿತ್ರದಲ್ಲಿ ತೋರಿಸಿದರೆ ಮಿದುಳೂ ರಕ್ತವೂ ಕಣ್ಣಿಗೆ ಒಂದೇ ಬೂದು ಬಣ್ಣ. ಅದಕ್ಕೇ ವೈದ್ಯರು ಬೇಕಾದಷ್ಟು ಭಾಗವನ್ನು ಮಾತ್ರ ಆರಿಸಿ ಪರದೆಗೆ ತರುತ್ತಾರೆ. ಇದಕ್ಕೆ ವಿಂಡೋ ಎನ್ನುತ್ತಾರೆ. ಮಿದುಳು ನೋಡುವ ಸಾಮಾನ್ಯ ವಿಂಡೋ 0ಯಿಂದ 80ರವರೆಗೆ. 0 ಮತ್ತು ಅದಕ್ಕಿಂತ ಕೆಳಗಿನದೆಲ್ಲ ಕಡುಗಪ್ಪು. 80 ಮತ್ತು ಅದಕ್ಕಿಂತ ಮೇಲಿನದೆಲ್ಲ ಅಚ್ಚ ಬಿಳಿ. ನಡುವಿನದಕ್ಕೆ ಬೂದು ಬಣ್ಣದ ಛಾಯೆಗಳು.

ಈ ಕಿಟಕಿಯೊಳಗೆ ಕಾಣುವುದನ್ನು ಹಿಡಿದಿಡಲು 256 ಮೆಟ್ಟಿಲು ಧಾರಾಳವಾಗಿ ಸಾಲುತ್ತದೆ. ಹೋಗುವುದು ಕಿಟಕಿಯ ಹೊರಗಿನದು. 81 ಇದ್ದ ಚೌಕವೂ 1000 ಇದ್ದ ಚೌಕವೂ `.jpg` ಕಡತದಲ್ಲಿ 255 ಎಂದೇ ಬರೆದುಕೊಳ್ಳುತ್ತವೆ. ಯಾವುದು ಯಾವುದಾಗಿತ್ತು ಎಂಬ ಗುರುತು ಆ ಕಡತದಲ್ಲಿ ಎಲ್ಲೂ ಉಳಿಯುವುದಿಲ್ಲ.

ಒಂದು ಉದಾಹರಣೆ

ಕಟ್ಟಾಯದ ಕಡೆಯ ಅಜ್ಜ ಒಬ್ಬರು ಬೈಕಿನಿಂದ ಬಿದ್ದರು ಎಂದುಕೊಳ್ಳೋಣ. ತಲೆಬುರುಡೆಯಲ್ಲಿ ಕೂದಲೆಳೆಯಂಥ ಬಿರುಕು. ಅದರ ಒಳಬದಿಗೆ ಅಂಟಿಕೊಂಡಂತೆ 3 ಮಿಲಿಮೀಟರ್ ದಪ್ಪದ ರಕ್ತದ ಪದರ. ಮೂಳೆಯ ಅಂಕಿ 1000, ಬಿರುಕಿನ ಜಾಗದಲ್ಲಿ 300, ರಕ್ತ 70, ಪಕ್ಕದ ಮಿದುಳು 38 ಎಂದಿಟ್ಟುಕೊಳ್ಳಿ.

ಮಿದುಳಿನ ವಿಂಡೋದಲ್ಲಿ ಚಿತ್ರವಾಗಿ ಉಳಿಸಿದಾಗ ಮಿದುಳು 121, ರಕ್ತ 223, ಮೂಳೆ 255 ಆಗುತ್ತದೆ. ಬಿರುಕಿನ 300 ಕೂಡ 80ಕ್ಕಿಂತ ಮೇಲೆಯೇ, ಆದ್ದರಿಂದ ಅದೂ 255. ಬಿರುಕು ಅಲ್ಲಿಗೆ ಮಾಯ. ರಕ್ತವೋ ಬಿಳಿ ಮೂಳೆಗೆ ಒತ್ತಿಕೊಂಡ ಇನ್ನೊಂದು ಬಿಳಿ ಗೆರೆ. ಕಿಟಕಿಯ ಬೆಳಕು ಫಿಲ್ಮಿನ ಮೇಲೆ ಬಿದ್ದು ಫೋಟೋ ಸ್ವಲ್ಪ ಬೆಳ್ಳಗಾದರೂ ಎರಡೂ ಒಂದೇ ಆಗುತ್ತವೆ, ಮೂಳೆ ಅಲ್ಲಿ ಸ್ವಲ್ಪ ದಪ್ಪ ಎನ್ನಿಸುತ್ತದೆ.

ಇದೇ ಸ್ಕ್ಯಾನ್ ಡೈಕಾಮ್‌ನಲ್ಲಿ ಕೈಯಲ್ಲಿದ್ದರೆ ವೈದ್ಯರು ಮೌಸ್ ಎಳೆದು ವಿಂಡೋವನ್ನು -50ರಿಂದ 200ರವರೆಗೆ ಅಗಲಿಸುತ್ತಾರೆ. ಈಗ ಮಿದುಳು 90, ರಕ್ತ 122, ಮೂಳೆ 255. ರಕ್ತ ಮೂಳೆಯಿಂದ ಬಿಡಿಸಿಕೊಂಡು ಬೂದು ಪದರವಾಗಿ ಎದ್ದು ನಿಲ್ಲುತ್ತದೆ. ಮತ್ತೆ ಮೂಳೆಯ ವಿಂಡೋಗೆ, ಅಂದರೆ -500ರಿಂದ 1500ರವರೆಗೆ ಹೋದರೆ ಮೂಳೆ 191, ಬಿರುಕು 102. ಬಿಳಿಯ ನಡುವೆ ಕಪ್ಪು ಗೆರೆ ಕಾಣುತ್ತದೆ.

ಇಲ್ಲಿ ಬ್ರೈಟ್‌ನೆಸ್ ಉಪಾಯ ಯಾಕೆ ಕೆಲಸ ಮಾಡುವುದಿಲ್ಲ ಎಂಬುದೂ ತಿಳಿಯುತ್ತದೆ. `.jpg` ಚಿತ್ರವನ್ನು ಮಬ್ಬು ಮಾಡಿದರೆ 255 ಇದ್ದ ಎಲ್ಲ ಚೌಕಗಳೂ ಒಟ್ಟಿಗೇ ಮಬ್ಬಾಗುತ್ತವೆ. ಬಿರುಕೂ ಮೂಳೆಯೂ ಆಗಲೂ ಒಂದೇ ಬಣ್ಣ. ಚಿತ್ರದ ಹೆಸರನ್ನು `.dcm` ಎಂದು ಬದಲಿಸಿದರೂ, ಯಾವುದೋ ಆ್ಯಪ್‌ನಲ್ಲಿ ಡೈಕಾಮ್‌ಗೆ ಪರಿವರ್ತಿಸಿದರೂ ಹೋದದ್ದು ಬರುವುದಿಲ್ಲ. ಹಾಲಿಗೆ ನೀರು ಬೆರೆಸಿದ ಮೇಲೆ ಪಾತ್ರೆ ಬದಲಿಸಿದ ಹಾಗೆ ಅದು.

ಮೊಬೈಲ್ ಕ್ಯಾಮೆರಾ ಸೇರಿಸುವ ಇನ್ನಷ್ಟು ನಷ್ಟ

ಒಂದು ಫಿಲ್ಮ್ ಹಾಳೆಯಲ್ಲಿ ಅಡ್ಡಕ್ಕೆ ನಾಲ್ಕು, ಉದ್ದಕ್ಕೆ ಐದರಂತೆ ಇಪ್ಪತ್ತು ಚಿತ್ರಗಳಿವೆ ಎನ್ನಿ. ವಾಟ್ಸಾಪ್‌ನಲ್ಲಿ ಸಾಧಾರಣ ಫೋಟೋ ಆಗಿ ಕಳಿಸಿದರೆ ಅದು ಉದ್ದದ ಬದಿಗೆ ಸುಮಾರು 1600 ಚುಕ್ಕೆಗಳಿಗೆ ಕುಗ್ಗುತ್ತದೆ. ಐದು ಚಿತ್ರಕ್ಕೆ ಹಂಚಿದರೆ ತಲಾ 320. ಮೂಲದಲ್ಲಿ 512 ಇತ್ತು. ತಲೆಯ ಸ್ಕ್ಯಾನ್‌ನಲ್ಲಿ ಒಂದು ಚೌಕ ಹೆಚ್ಚುಕಡಿಮೆ ಅರ್ಧ ಮಿಲಿಮೀಟರ್, ಆದ್ದರಿಂದ ಅಜ್ಜನ 3 ಮಿಲಿಮೀಟರ್ ರಕ್ತದ ಪದರ ಮೂಲದಲ್ಲಿ ಆರು ಚೌಕ. ಫೋಟೋದಲ್ಲಿ ಅದು ನಾಲ್ಕಕ್ಕಿಂತ ಕಡಿಮೆ. ಜೆಪೆಗ್ ವಿಧಾನವೋ ಚಿತ್ರವನ್ನು 8 ಚುಕ್ಕೆ ಅಗಲ, 8 ಚುಕ್ಕೆ ಎತ್ತರದ ತುಂಡುಗಳಾಗಿ ಮಾಡಿ, ತುಂಡಿನೊಳಗಿನ ಸಣ್ಣ ಏರಿಳಿತಗಳನ್ನೇ ಮೊದಲು ಕೈಬಿಡುತ್ತದೆ. ಮುಖದ ಫೋಟೋದಲ್ಲಿ ಇದು ಗೊತ್ತಾಗುವುದಿಲ್ಲ. ಆದರೆ ಇಲ್ಲಿ ಹುಡುಕುತ್ತಿರುವುದೇ ಅಂಥ ಸಣ್ಣ ಏರಿಳಿತವನ್ನು.

ಫಿಲ್ಮಿಗೆ ಬರುವ ಪದರಗಳೂ ಎಲ್ಲವೂ ಅಲ್ಲ. ಯಂತ್ರ ಒಂದು ಮಿಲಿಮೀಟರ್ ಅಥವಾ ಅದಕ್ಕೂ ತೆಳುವಾದ ನೂರಾರು ಪದರಗಳನ್ನು ಲೆಕ್ಕ ಹಾಕಬಲ್ಲದು. ಫಿಲ್ಮಿನಲ್ಲಿ ಮುದ್ರಿಸುವುದು ಸಾಮಾನ್ಯವಾಗಿ 5 ಮಿಲಿಮೀಟರಿಗೆ ಒಂದರಂತೆ. ಜೊತೆಗೆ ಡೈಕಾಮ್ ಕಡತದೊಳಗೆ ಒಂದು ಚೌಕ ಎಷ್ಟು ಮಿಲಿಮೀಟರ್ ಎಂದೂ ಬರೆದಿರುತ್ತದೆ. ರಕ್ತದ ಪದರ 3 ಮಿಲಿಮೀಟರಿದ್ದದ್ದು ನಾಳೆಯ ಸ್ಕ್ಯಾನ್‌ನಲ್ಲಿ 7 ಆಯಿತೇ ಎಂದು ಅಳೆಯಲು ಅದು ಬೇಕು.

ಹಾಗಾದರೆ ಫೋಟೋ ಕಳಿಸಲೇಬಾರದೇ?

ಹಾಗೇನಿಲ್ಲ. ಮಿದುಳಿನೊಳಗೆ ದೊಡ್ಡ ರಕ್ತಸ್ರಾವವಾಗಿದ್ದರೆ, ಕೈಮೂಳೆ ಪೂರಾ ಮುರಿದು ಸರಿದಿದ್ದರೆ ಅದು ಫೋಟೋದಲ್ಲೂ ಕಾಣುತ್ತದೆ. "ತಕ್ಷಣ ಹೊರಟು ಬನ್ನಿ" ಎಂದು ವೈದ್ಯರು ಹೇಳಲು ಅಷ್ಟು ಸಾಕಾಗಬಹುದು. ಆದರೆ ಒಂದು ಭೇದ ನೆನಪಿರಲಿ: ಫೋಟೋದಲ್ಲಿ ಏನಾದರೂ ಕಂಡರೆ ಅದಕ್ಕೆ ಬೆಲೆಯಿದೆ. "ಫೋಟೋದಲ್ಲಿ ಏನೂ ಕಾಣಲಿಲ್ಲ" ಎಂದರೆ ಏನೂ ಇಲ್ಲ ಎಂದು ಅರ್ಥವಲ್ಲ. ಸ್ಕ್ಯಾನ್ ಕೇಂದ್ರದ ರೇಡಿಯಾಲಜಿಸ್ಟ್ ಮೂಲ ಕಡತ ನೋಡಿ ಬರೆದ ವರದಿಯನ್ನು ಫೋಟೋ ಜೊತೆ ತಪ್ಪದೆ ಕಳಿಸಿ. ಆ ವರದಿಗೂ ಫೋಟೋ ನೋಡಿದವರ ಮಾತಿಗೂ ತಾಳೆಯಾಗದಿದ್ದರೆ ಮೂಲ ಕಡತವನ್ನು ಕಳಿಸಿ ಮತ್ತೆ ಕೇಳಿ.

ತಲೆಗೆ ಪೆಟ್ಟಾದವರಿಗೆ ವಾಂತಿ, ಮಂಪರು, ಮಾತು ತೊದಲುವುದು, ಒಂದು ಬದಿ ಕೈಕಾಲು ಸೋಲುವುದು ಕಂಡರೆ ಫೋಟೋದ ಉತ್ತರಕ್ಕೆ ಕಾಯಬೇಡಿ. 108ಕ್ಕೆ ಕರೆ ಮಾಡಿ ಆಸ್ಪತ್ರೆಗೆ ಹೋಗಿ.

ಮೂಲ ಕಡತ ಪಡೆಯುವುದು, ಕಳಿಸುವುದು ಹೇಗೆ?

ಸ್ಕ್ಯಾನ್ ಆದ ದಿನವೇ "ಡೈಕಾಮ್ ಇರುವ ಸಿಡಿ ಅಥವಾ ಲಿಂಕ್ ಕೊಡಿ" ಎಂದು ಕೇಳಿ. ಕೆಲವು ಸಿಡಿಗಳಲ್ಲಿ ಬರೀ ಚಿತ್ರ ಹಾಕಿರುತ್ತಾರೆ, ಆದ್ದರಿಂದ ತೆರೆದು ನೋಡಿ. `DICOMDIR` ಎಂಬ ಹೆಸರಿನ ಕಡತ, ಜೊತೆಗೆ `.dcm` ಎಂದು ಮುಗಿಯುವ ಅಥವಾ ಕೊನೆಯಲ್ಲಿ ಚುಕ್ಕೆಯೇ ಇಲ್ಲದ ಹಲವಾರು ಕಡತಗಳಿದ್ದರೆ ಅದು ಮೂಲ. ಎಲ್ಲವೂ `.jpg` ಅಥವಾ `.pdf` ಆಗಿದ್ದರೆ ಮತ್ತೆ ಕೇಳಿ. ಅನುಮಾನವಿದ್ದರೆ ವೀಸಿಸ್ ಅಥವಾ ಮೈಕ್ರೊಡೈಕಾಮ್‌ನಂಥ ಉಚಿತ ತಂತ್ರಾಂಶದಲ್ಲಿ ತೆರೆದು ವಿಂಡೋ ಬದಲಿಸಿ ನೋಡಿ. ಬಿಳಿಯಾಗಿದ್ದ ಮೂಳೆಯೊಳಗಿನ ವಿವರ ಎದ್ದು ಬಂದರೆ ಅಂಕಿಗಳು ಉಳಿದಿವೆ. ಎಲ್ಲವೂ ಒಟ್ಟಿಗೇ ಮಬ್ಬಾದರೆ ಅದು ಚಿತ್ರ ಅಷ್ಟೇ.

ಕಳಿಸುವಾಗ ಸಿಡಿಯಲ್ಲಿರುವ ಇಡೀ ಫೋಲ್ಡರನ್ನು ಕಂಪ್ಯೂಟರಿಗೆ ಹಾಕಿಕೊಂಡು ಜಿಪ್ ಮಾಡಿ. ಒಂದು ಪದರ ಅರ್ಧ ಎಂಬಿ. ಇನ್ನೂರು ಪದರ ಎಂದರೆ ಸುಮಾರು 100 ಎಂಬಿ. ವಾಟ್ಸಾಪ್‌ನಲ್ಲಿ ಫೋಟೋ ಅಲ್ಲ, ಡಾಕ್ಯುಮೆಂಟ್ ಎಂದು ಆರಿಸಿದರೆ ಅದು ಕುಗ್ಗದೆ ಹೋಗುತ್ತದೆ. ಗೂಗಲ್ ಡ್ರೈವ್‌ನ ಲಿಂಕ್ ಕೂಡ ಕಳಿಸಬಹುದು. ಆದರೆ ಡೈಕಾಮ್ ಕಡತದೊಳಗೆ ರೋಗಿಯ ಹೆಸರು, ವಯಸ್ಸು, ಆಸ್ಪತ್ರೆಯ ಸಂಖ್ಯೆ ಎಲ್ಲ ಇರುತ್ತವೆ. ಅದನ್ನು ನೋಡಬೇಕಾದ ವೈದ್ಯರಿಗೆ ಮಾತ್ರ ಕಳಿಸಿ, ಬಂಧುಗಳ ಗುಂಪಿಗೆ ಬೇಡ.

ಸಿಡಿ ಗೀರುಬಿದ್ದು ಹಾಳಾಗುವ ಮೊದಲೇ ಪೆನ್‌ಡ್ರೈವ್‌ನಲ್ಲಿ ಒಂದು ಪ್ರತಿ ಇಟ್ಟುಕೊಳ್ಳಿ. ಆರು ತಿಂಗಳ ನಂತರ ಇನ್ನೊಂದು ಸ್ಕ್ಯಾನ್ ಆದಾಗ ವೈದ್ಯರು ಮೊದಲು ಕೇಳುವುದು "ಹಳೆಯದು ಇದೆಯಾ?" ಎಂದೇ.