ಗೃಹಲಕ್ಷ್ಮಿ: ನೋಟಿಸು ಓದಿದವರು ಎಲ್ಲಿಗೆ ಹೋಗಬೇಕು?



ಗೃಹಲಕ್ಷ್ಮಿಯ 2,000 ರೂಪಾಯಿ ಬಾರದವರಿಗೆ ‘ಆಧಾರ್ ಸೀಡಿಂಗ್ ಹಾಗೂ ಎನ್‌ಪಿಸಿಐ ಮ್ಯಾಪಿಂಗ್ ಮಾಡಿಸತಕ್ಕದ್ದು’ ಎಂಬ ಧಾಟಿಯ ಸೂಚನೆ ಅಂಟಿಸಿದರೆ ಭಟ್ಕಳ, ಹೊನ್ನಾವರ, ಕುಮಟಾದ ಹಳ್ಳಿಗಳಲ್ಲಿ ಯಾರಿಗೆ ಏನು ತಿಳಿದೀತು? ‘ಆಧಾರ್ ಕೊಟ್ಟಾಗಿದೆಯಲ್ಲ’ ಎಂದು ಸುಮ್ಮನಾಗುತ್ತಾರೆ. ಆದರೆ ಗುರುತಿಗೆಂದು ಬ್ಯಾಂಕಿಗೆ ಆಧಾರ್ ಕೊಡುವುದೇ ಬೇರೆ, ಸರ್ಕಾರದ ಹಣ ಇಳಿಯಲು ಅದನ್ನು ಖಾತೆಗೆ ಜೋಡಿಸುವುದೇ ಬೇರೆ. ಒಂದು ಆಧಾರ್‌ಗೆ ಹೀಗೆ ಜೋಡಣೆಯಾಗುವುದು ಒಂದೇ ಖಾತೆ, ಅದೂ ಕೊನೆಯದಾಗಿ ಜೋಡಿಸಿದ್ದು. ಮೀನು ಮಾರುವ ಹೆಂಗಸೊಬ್ಬರು ಹಳೆಯ ಪಾಸ್‌ಬುಕ್ಕನ್ನೇ ನೋಡುತ್ತಿರಬಹುದು. ಹಣವೋ, ಸಾಲಕ್ಕೆಂದು ಆಮೇಲೆ ತೆರೆದ ಖಾತೆಯಲ್ಲಿ ಬಿದ್ದಿರಬಹುದು.

ಅದೇ ಸೂಚನೆಯನ್ನು ಹೀಗೆ ಬರೆಯಬಹುದಿತ್ತು:

‘ಹಣ ಬಂದಿಲ್ಲವೇ? ಮೊದಲು ನಿಮ್ಮ ಎಲ್ಲ ಖಾತೆಗಳ ಪಾಸ್‌ಬುಕ್ ಎಂಟ್ರಿ ಮಾಡಿಸಿ. ಯಾವುದರಲ್ಲೂ ಇಲ್ಲದಿದ್ದರೆ, ಹಣ ಬೇಕಾದ ಖಾತೆಯ ಬ್ಯಾಂಕಿಗೆ ಆಧಾರ್ ಕಾರ್ಡ್ ಹಿಡಿದು ಹೋಗಿ. “ಸರ್ಕಾರದ ಹಣ ಈ ಖಾತೆಗೆ ಬರುವಂತೆ ಆಧಾರ್ ಜೋಡಿಸಿ” ಎಂದು ಅರ್ಜಿ ಕೊಡಿ. ಜೋಡಣೆಯಾದ ಮೇಲೂ ಬಾರದಿದ್ದರೆ ರೇಷನ್ ಕಾರ್ಡ್ ಸಮೇತ ತಾಲೂಕಿನ ಶಿಶು ಅಭಿವೃದ್ಧಿ ಕಚೇರಿಯಲ್ಲಿ ಕೇಳಿ.’

ರೇಷನ್ ಕಾರ್ಡಿನಲ್ಲಿ ಮನೆಯ ಯಜಮಾನಿ ಬೇರೆಯವರಾಗಿದ್ದರೆ ಮಾತ್ರ ಬ್ಯಾಂಕಿಗೆ ಎಷ್ಟು ಅಲೆದರೂ ಪ್ರಯೋಜನವಿಲ್ಲ. ಈ ಸಾಲನ್ನು ನೋಟಿಸಿನ ತಲೆಯಲ್ಲೇ ಹಾಕಲಿ. ಬಸ್ ಚಾರ್ಜಾದರೂ ಉಳಿದೀತು.

— ಓದುಗ, ಹೊನ್ನಾವರ